ಸ್ಲೋಪ್‌ನ ಅನಿಶ್ಚಿತತೆ: ಗೆರೆಯನ್ನು ಎಷ್ಟು ವಾಲಿಸಬಹುದು?

ಸರಳ ಲೋಲಕದ ಪ್ರಯೋಗ ನೆನಪಿದೆ ಅಲ್ವಾ? ಗ್ರಾಫ್‌ನಲ್ಲಿ ಅಡ್ಡಕ್ಕೆ ಲೋಲಕದ ಉದ್ದ L, ಮೇಲಕ್ಕೆ ಅವಧಿಯ ವರ್ಗ T². ಚುಕ್ಕಿಗಳ ನಡುವೆ ಎಳೆದ ನೇರ ಗೆರೆಯ ಸ್ಲೋಪ್ 4π²/g. ಅದರಿಂದ g ಸಿಗುತ್ತದೆ. ಆದರೆ ರೆಕಾರ್ಡ್ ಪುಸ್ತಕದಲ್ಲಿ 9.79 ಅಂತ ಬರೆದರೆ, ಆ ಕೊನೆಯ 9 ಅನ್ನು ನಂಬಬಹುದೇ?

ಇದಕ್ಕೆ ಉತ್ತರ ಎರರ್ ಬಾರ್‌ನಲ್ಲಿದೆ. ಚುಕ್ಕಿಯ ಮೇಲೂ ಕೆಳಗೂ ಎಳೆಯುವ ಪುಟ್ಟ ಗೆರೆ ಅದು. ನಿಜವಾದ ಬೆಲೆ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುತ್ತದೆ.

ಅದರ ಉದ್ದ ಎಷ್ಟಿರಬೇಕು? ಸ್ಟಾಪ್‌ವಾಚ್ ಒತ್ತುವಾಗ ಕೈ 0.2 ಸೆಕೆಂಡ್ ಹೆಚ್ಚುಕಮ್ಮಿ ಆಗಬಹುದು ಅಂದುಕೊಳ್ಳಿ. 20 ಆಂದೋಲನ ಎಣಿಸಿದರೆ T ಯಲ್ಲಿ ತಪ್ಪು 0.01 ಸೆಕೆಂಡ್. ಆದರೆ ನಾವು ಗುರುತಿಸುವುದು T². ಅದರ ತಪ್ಪು 2TΔT. ಹಾಗಾಗಿ ಎಲ್ಲ ಚುಕ್ಕಿಗೂ ಒಂದೇ ಅಳತೆಯ ಬಾರ್ ಹಾಕುವಂತಿಲ್ಲ. ಉದ್ದ 0.40 ಮೀಟರ್ ಇದ್ದಾಗ T² = 1.61 ± 0.025, 1.00 ಮೀಟರ್ ಇದ್ದಾಗ 4.03 ± 0.04. ಈ ಲೆಕ್ಕ ಮಾಡದೆ ಸುಮ್ನೆ ಒಂದೇ ಉದ್ದದ ಬಾರ್ ಎಳೆಯುವವರೇ ಜಾಸ್ತಿ.

ಈಗ ಸ್ಕೇಲ್ ಇಟ್ಟು ಎಲ್ಲ ಬಾರ್‌ಗಳನ್ನೂ ಹಾಯುವ ಅತಿ ಕಡಿದಾದ ಗೆರೆ ಎಳೆಯಿರಿ. ಅದು ಮೊದಲ ಬಾರ್‌ನ ಬುಡದಿಂದ ಕೊನೆಯ ಬಾರ್‌ನ ತುದಿಗೆ ಹೋಗುತ್ತದೆ: (4.07 − 1.585)/0.60 = 4.14. ಅತಿ ಚಪ್ಪಟೆಯಾದದ್ದು ಇದರ ತಿರುವುಮುರುವು: (3.99 − 1.635)/0.60 = 3.93. ಎರಡರ ಅಂತರದ ಅರ್ಧವೇ ಸ್ಲೋಪ್‌ನ ಅನಿಶ್ಚಿತತೆ. ಅಂದರೆ 4.03 ± 0.11, ಸುಮಾರು ನೂರಕ್ಕೆ 2.7. g ಯಲ್ಲೂ ಅಷ್ಟೇ ಪಾಲು ತಪ್ಪು ಬರುವುದರಿಂದ ಬರೆಯಬೇಕಾದದ್ದು 9.8 ± 0.3. ಆ 9.79 ರ ಕೊನೆಯ ಅಂಕೆಗೆ ಬೆಲೆಯಿಲ್ಲ.

ಈ ವಿಧಾನ ಸ್ವಲ್ಪ ಪುಕ್ಕಲು. ಎರಡು ತುದಿಯ ಚುಕ್ಕಿಗಳೂ ಪೂರ್ತಿಯಾಗಿ, ಅದೂ ಎದುರುಬದುರಾಗಿ ತಪ್ಪಿವೆ ಎಂದು ಊಹಿಸುತ್ತದೆ. ಹಾಗಾಗುವುದು ಅಪರೂಪ. ಏಳೆಂಟು ಚುಕ್ಕಿಗಳಿದ್ದರೆ ಎಕ್ಸೆಲ್‌ನಂಥ ಸ್ಪ್ರೆಡ್‌ಶೀಟ್‌ನಲ್ಲಿ `LINEST` ಸೂತ್ರವನ್ನು ಕೊನೆಯ ಆಯ್ಕೆ `TRUE` ಇಟ್ಟು ಹಾಕಿ ನೋಡಿ, ಸ್ಲೋಪ್‌ನ ಅನಿಶ್ಚಿತತೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಬರುತ್ತದೆ.

ಎರರ್ ಬಾರ್ ತೋರಿಸದ ತಪ್ಪೂ ಒಂದಿದೆ. ಉದ್ದವನ್ನು ಗುಂಡಿನ ನಡುವಿನವರೆಗೆ ಅಳೆಯಬೇಕು. 1 ಸೆಂ.ಮೀ. ತ್ರಿಜ್ಯವನ್ನು ಮರೆತು ದಾರವನ್ನಷ್ಟೇ ಅಳೆದರೆ ಎಲ್ಲ ಚುಕ್ಕಿಗಳೂ ಒಟ್ಟಿಗೆ ಎಡಕ್ಕೆ ಸರಿಯುತ್ತವೆ. ಸ್ಲೋಪ್ ಬದಲಾಗುವುದಿಲ್ಲ. ಗೆರೆ ಮಾತ್ರ ಸೊನ್ನೆಯ ಬದಲು 0.04 ರ ಹತ್ತಿರ T² ಅಕ್ಷವನ್ನು ಕತ್ತರಿಸುತ್ತದೆ. ನಮ್ಮ ಬಾರ್‌ಗಳ ಅಗಲದಲ್ಲಿ ಇಷ್ಟು ಚಿಕ್ಕ ಸರಿತ ಕಣ್ಣಿಗೇ ಬೀಳದು. ಆದರೂ "ಸೂತ್ರದ ಪ್ರಕಾರ ಸೊನ್ನೆಯಿಂದಲೇ ಹೋಗಬೇಕಲ್ಲ" ಎಂದು ಗೆರೆಯನ್ನು ಮೂಲಬಿಂದುವಿಗೆ ಎಳೆದು ಕಟ್ಟಿದರೆ ಸ್ಲೋಪ್ ನೂರಕ್ಕೆ ಒಂದೆರಡರಷ್ಟು ಏರುತ್ತದೆ, g ಅಷ್ಟೇ ಇಳಿಯುತ್ತದೆ. ಗೆರೆಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಈ ತಪ್ಪು g ಯನ್ನು ಮುಟ್ಟುತ್ತಲೇ ಇರಲಿಲ್ಲ.