ಬೇಳೆಗೊಂದು ಹೊತ್ತು, ಮೊಸರಿಗೊಂದು ಹೊತ್ತು: ಜೈನ ಅಡುಗೆಯಲ್ಲಿ ಪ್ರೋಟೀನ್ ಲೆಕ್ಕ

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಕ್ಯಾರೆಟ್ ಬಿಟ್ಟರೆ ಪ್ರೋಟೀನ್ ಕಡಿಮೆಯಾಗುತ್ತದೆಯೇ ಎಂದು ಹಲವರು ಕೇಳುತ್ತಾರೆ. ಕಡಿಮೆಯಾಗುವುದಿಲ್ಲ. ಗೆಡ್ಡೆಗಳಲ್ಲಿ ಪ್ರೋಟೀನ್ ಇರುವುದೇ ಅತ್ಯಲ್ಪ, ಅವುಗಳನ್ನು ಬಿಟ್ಟು ಕಳೆದುಕೊಳ್ಳುವುದೇನೂ ಇಲ್ಲ. ಶ್ರವಣಬೆಳಗೊಳದ ಸುತ್ತಲಿನ, ಹಾಸನ ಪೇಟೆಯ ಜೈನ ಮನೆಗಳಲ್ಲಿ ಕೊರತೆ ಬರುವುದಾದರೆ ಅದು ಬೇರೆ ಎರಡು ಕಡೆಯಿಂದ ಬರುತ್ತದೆ. ಒಂದು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಯಬೇಕಾದ್ದರಿಂದ ದಿನದ ಎಲ್ಲ ಆಹಾರ ಹತ್ತು ಗಂಟೆಯೊಳಗೆ ಸೇರಬೇಕು. ಇನ್ನೊಂದು, ದ್ವಿದಳದ ನಿಯಮ. ಎರಡು ಹೋಳಾಗುವ ಬೇಳೆಕಾಳನ್ನು ಹಸಿ ಹಾಲು, ಮೊಸರು, ಮಜ್ಜಿಗೆಯ ಜೊತೆ ಸೇರಿಸಿ ತಿನ್ನಬಾರದು ಎನ್ನುವುದು ಅದು. ಸಸ್ಯಾಹಾರಿಗೆ ಪ್ರೋಟೀನ್ ಕೊಡುವ ಎರಡು ದೊಡ್ಡ ಮೂಲಗಳು ಬೇಳೆ ಮತ್ತು ಹಾಲು. ಅವೆರಡೂ ಒಂದೇ ತಟ್ಟೆಗೆ ಬರುವಂತಿಲ್ಲ ಎಂದಾಗ ಯೋಜನೆ ಮಾಡದೆ ವಿಧಿಯಿಲ್ಲ.

ಈ ನಿಯಮದ ಪಾಲನೆ ಮನೆಯಿಂದ ಮನೆಗೆ ಬೇರೆ. ಕಾಯಿಸಿದ ಹಾಲಾದರೆ ಅಡ್ಡಿಯಿಲ್ಲ ಎನ್ನುವವರಿದ್ದಾರೆ, ಕುದಿಸಿದ ಮಜ್ಜಿಗೆಯೂ ಬೇಡ ಎನ್ನುವವರಿದ್ದಾರೆ. ಕಡಲೆಕಾಯಿಯಂಥ ಎಣ್ಣೆಕಾಳು ದ್ವಿದಳದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎನ್ನುವುದರಲ್ಲೂ ಒಮ್ಮತವಿಲ್ಲ. ಆಹಾರ ಸಲಹೆ ಕೊಡುವವರು ಮನೆಯ ಹಿರಿಯರನ್ನು ಮೊದಲು ಇದನ್ನು ಕೇಳಿಕೊಳ್ಳಬೇಕು. ಅವರ ಪದ್ಧತಿಗೆ ಒಗ್ಗದ ಪಟ್ಟಿ ಒಂದು ವಾರವೂ ಅಡುಗೆಮನೆಯಲ್ಲಿ ಉಳಿಯುವುದಿಲ್ಲ. ಇಲ್ಲಿ ಬಿಗಿಯಾದ ಪದ್ಧತಿಯನ್ನೇ ಹಿಡಿದು ಲೆಕ್ಕ ಹಾಕಿದ್ದೇನೆ. ಸಡಿಲವಾಗಿರುವ ಮನೆಗೆ ಇದು ಇನ್ನೂ ಸುಲಭ.

ಅರವತ್ತು ದಾಟಿದ, 55 ಕಿಲೋ ತೂಕದ, ಮೂತ್ರಪಿಂಡದ ತೊಂದರೆಯಿಲ್ಲದ ಒಬ್ಬ ಅತ್ತೆಯವರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ವಯಸ್ಕರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸೂಚಿಸಿತು. ಅದು ಒಳ್ಳೆಯ ಗುಣಮಟ್ಟದ ಪ್ರೋಟೀನಿಗೆ ಹೇಳಿದ ಮಾತು. ಅನ್ನ, ಮುದ್ದೆಯೇ ಹೆಚ್ಚಿರುವ ಊಟಕ್ಕೆ, ಅದರಲ್ಲೂ ವಯಸ್ಸಾದವರಿಗೆ, ಕಿಲೋಗೆ 1 ಗ್ರಾಂ ಹಿಡಿಯುವುದು ಕ್ಷೇಮ. ಅಂದರೆ ಇವರಿಗೆ ದಿನಕ್ಕೆ 55 ಗ್ರಾಂ ಬೇಕು.

ಸಾಮಾನ್ಯವಾಗಿ ಅವರ ದಿನ ಹೀಗಿರುತ್ತದೆ. ಬೆಳಿಗ್ಗೆ ಒಂದು ತಟ್ಟೆ ಉಪ್ಪಿಟ್ಟು, ಒಂದು ಲೋಟ ಕಾಫಿ. ಮಧ್ಯಾಹ್ನ ಅನ್ನ, ತಿಳಿಸಾರು, ಸೀಮೆಬದನೆ ಪಲ್ಯ. ನಡುವೆ ಒಂದು ಲೋಟ ಹಾಲು. ಸಂಜೆ ಐದೂವರೆಗೆ ಮುದ್ದೆ, ಅದೇ ಸಾರು. ಎಲ್ಲ ಕೂಡಿಸಿದರೆ 32ರಿಂದ 35 ಗ್ರಾಂ. ಹೊಟ್ಟೆ ತುಂಬಿರುತ್ತದೆ, ತೂಕವೂ ಇಳಿದಿರುವುದಿಲ್ಲ, ಹಾಗಾಗಿ ಸುಮಾರು 20 ಗ್ರಾಂ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸೊಂಟದ ಸುತ್ತಳತೆ ಹಾಗೆಯೇ ಇದ್ದು ರವಿಕೆಯ ತೋಳು ಮಾತ್ರ ಸಡಿಲವಾಗುತ್ತಿದ್ದರೆ, ಕೈ ಊರದೆ ನೆಲದಿಂದಲೋ ಕುರ್ಚಿಯಿಂದಲೋ ಏಳಲು ಆಗುತ್ತಿಲ್ಲವಾದರೆ, ಸ್ನಾಯು ಕರಗುತ್ತಿದೆಯೇ ಎಂದು ನೋಡಬೇಕು. ರಕ್ತದ ಆಲ್ಬುಮಿನ್ ವರದಿ ಸರಿಯಾಗಿದೆ ಎಂದು ಸುಮ್ಮನಿರುವುದು ತಪ್ಪು. ಊಟದ ಇಂಥ ಕೊರತೆ ಆ ವರದಿಯಲ್ಲಿ ಬೇಗ ಕಾಣುವುದಿಲ್ಲ.

ಮುಖ್ಯ ಸೋರಿಕೆ ಇರುವುದು ಸಾರಿನಲ್ಲಿ. ಈರುಳ್ಳಿ ಟೊಮೆಟೊ ಬಾಡಿಸಿ, ಆಲೂಗಡ್ಡೆ ಹಾಕಿ ಮಾಡುವ ಸಾಂಬಾರಿಗೆ ಆ ತರಕಾರಿಗಳಿಂದಲೇ ಮೈ ಬರುತ್ತದೆ. ಅವಿಲ್ಲದಾಗ ಸಾರು ತೆಳ್ಳಗಾಗುತ್ತದೆ, ರುಚಿಯನ್ನು ಇಂಗು, ಮೆಣಸು, ಜೀರಿಗೆ, ಹುಣಸೆ ತುಂಬಿಕೊಡುತ್ತವೆ. ಬಾಯಿಗೆ ಏನೂ ಕೊರತೆ ಅನಿಸುವುದಿಲ್ಲ. ಆದರೆ ಆ ಬಟ್ಟಲಲ್ಲಿ ಒಬ್ಬರ ಪಾಲಿಗೆ ಬರುವ ತೊಗರಿಬೇಳೆ 15 ಗ್ರಾಂ, ಅದರ ಪ್ರೋಟೀನ್ 3 ಗ್ರಾಂ ಅಷ್ಟೆ. ಸಾರಿಗೆ ಮೈ ಬರಬೇಕಾದದ್ದು ಬೇಳೆಯಿಂದಲೇ. ತಲೆಗೆ 30 ಗ್ರಾಂ ಬೇಳೆ, ಜೊತೆಗೆ ಸೋರೆಕಾಯಿ, ಬೂದುಗುಂಬಳ ಅಥವಾ ಆಲೂಗಡ್ಡೆಯ ಜಾಗಕ್ಕೆ ಬಾಳೆಕಾಯಿ ಹಾಕಿ ಗಟ್ಟಿ ಹುಳಿ ಮಾಡಿದರೆ ಅದೇ ಬಟ್ಟಲು ಎರಡರಷ್ಟು ಕೊಡುತ್ತದೆ. ಹಸಿಶುಂಠಿ ಬಳಸದ ಮನೆಗಳಲ್ಲೂ ಒಣಶುಂಠಿ ನಡೆಯುವುದುಂಟು. ಬೇಳೆ ಹೆಚ್ಚಿದಾಗ ಜೀರ್ಣಕ್ಕೆ ಅದೂ ಇಂಗೂ ಒಳ್ಳೆಯ ಜೊತೆ.

ನಮ್ಮ ಕಡೆಯ ಹುರುಳಿಕಟ್ಟಿನ ಸಾರು, ಬಸ್ಸಾರು, ಉಪ್ಪುಸಾರಿನ ವಿಷಯದಲ್ಲೂ ಇದನ್ನು ನೆನಪಿಡಬೇಕು. ಕಾಳು ಬೇಯಿಸಿ ಬಸಿದ ಕಟ್ಟಿನಲ್ಲಿ ರುಚಿ, ಬಣ್ಣ, ಒಂದಿಷ್ಟು ಲವಣಾಂಶ ಇಳಿದಿರುತ್ತದೆ, ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಮುದ್ದೆಯ ಜೊತೆ ಸಾರು ಸುರಿದುಕೊಂಡು ಪಲ್ಯವನ್ನು ಒಂದು ಚಮಚ ಮಾತ್ರ ಹಾಕಿಸಿಕೊಳ್ಳುವ ಹಿರಿಯರಿಗೆ ಸಿಗುವುದು ಕಟ್ಟು ಮಾತ್ರ. ಹಲ್ಲಿನ ತೊಂದರೆ ಇದಕ್ಕೆ ಕಾರಣವಾಗಿದ್ದರೆ ಬೆಂದ ಕಾಳಿನಲ್ಲಿ ಅರ್ಧವನ್ನು ರುಬ್ಬಿ ಸಾರಿಗೇ ಸೇರಿಸಿಬಿಡಿ.

ಕಾಳು ಮೆತ್ತಗಾಗದಿರುವುದು ಇನ್ನೊಂದು ದೂರು. ಬೋರ್‌ವೆಲ್ ನೀರು ಗಡುಸಾಗಿದ್ದರೆ, ಕಾಳು ಹಳೆಯದಾಗಿದ್ದರೆ, ಹುಣಸೆಯನ್ನು ಮೊದಲೇ ಹಾಕಿದರೆ ಹುರುಳಿ, ಅಲಸಂದೆ ಎಷ್ಟು ಕೂಗಿಸಿದರೂ ಬಿರುಸಾಗಿಯೇ ಇರುತ್ತವೆ. ಜೈನ ಮನೆಗಳಲ್ಲಿ ಸೋಸಿ ಕಾಯಿಸಿದ ನೀರು ಹೇಗೂ ಇರುತ್ತದೆ. ಕಾಯಿಸಿದಾಗ ಗಡಸುತನದ ಒಂದು ಪಾಲು ತಳಕ್ಕೆ ಬಿಳಿಯಾಗಿ ಕೂರುವುದರಿಂದ, ಮೇಲಿನ ತಿಳಿ ನೀರಿನಲ್ಲೇ ನೆನೆಸಿ ಬೇಯಿಸಿದರೆ ವ್ಯತ್ಯಾಸ ಕಾಣುತ್ತದೆ. ಅಡುಗೆ ಸೋಡಾ ಬೇಡ, ಅದು ಥಯಾಮಿನ್ ಜೀವಸತ್ವವನ್ನು ಹಾಳುಮಾಡುತ್ತದೆ. ಮೊಳಕೆ ಬಂದ ಕಾಳು ತಿನ್ನದ ಮನೆಗಳಲ್ಲಿ ನೆನೆಸುವ ಹೊತ್ತಿನ ಮೇಲೂ ಗಮನವಿರಲಿ. ಏಳೆಂಟು ಗಂಟೆ ನೆನೆದ ಕೂಡಲೇ ಬೇಯಲು ಇಡಬೇಕು. ನೀರು ಬಸಿದು ಬಟ್ಟೆಯಲ್ಲಿ ಕಟ್ಟಿಟ್ಟರೆ ಬಿಳಿ ಮೂತಿ ಹೊರಬರುತ್ತದೆ. ಮೊಳಕೆ ಕಾಳು ತಿನ್ನದಿರುವುದರಿಂದ ಪ್ರೋಟೀನಿಗೆ ನಷ್ಟವಿಲ್ಲ. ಮೊಳಕೆ ಕಾಳಿನ ಬಟ್ಟಲು ದೊಡ್ಡದಾಗಿ ಕಂಡರೂ ಹೆಚ್ಚಾಗಿರುವುದು ನೀರು.

ಈಗ ಅತ್ತೆಯವರ 55 ಗ್ರಾಂ ಅನ್ನು ಮೂರು ಹೊತ್ತಿಗೆ ಹಂಚೋಣ. ಬೆಳಗು, ಮಧ್ಯಾಹ್ನ ಬೇಳೆಗೆ, ಸಂಜೆ ಹಾಲಿಗೆ. ಅಳತೆಗಳೆಲ್ಲ ಬೇಯಿಸುವ ಮೊದಲಿನ ತೂಕ.

ಬೆಳಿಗ್ಗೆ ಎಂಟಕ್ಕೆ ಹೆಸರುಬೇಳೆ ದೋಸೆ. ಹೆಸರುಬೇಳೆ 40 ಗ್ರಾಂ, ಅಕ್ಕಿ 20 ಗ್ರಾಂ, ಎರಡು ಗಂಟೆ ನೆನೆಸಿ ರುಬ್ಬಿ ಕೂಡಲೇ ಹುಯ್ಯುವುದು. ರಾತ್ರಿಯಿಡೀ ಹುದುಗುವ ಹಿಟ್ಟು ಬಳಸದವರಿಗೂ ಇದು ನಡೆಯುತ್ತದೆ. 15 ಗ್ರಾಂ ಕಡಲೆಕಾಯಿ ಬೀಜ ಸೇರಿಸಿದ ಕಾಯಿಚಟ್ನಿ ಜೊತೆಗಿದ್ದರೆ ಸುಮಾರು 15 ಗ್ರಾಂ ಪ್ರೋಟೀನ್. ದೋಸೆ ಹೆಂಚಿಗೆ ಅಂಟಿ ಹರಿಯುತ್ತಿದ್ದರೆ ನೀರು ಜಾಸ್ತಿಯಾಗಿದೆ ಎಂದರ್ಥ, ಒಂದು ಚಮಚ ಅಕ್ಕಿಹಿಟ್ಟು ಸಾಕು.

ಮಧ್ಯಾಹ್ನ ಒಂದಕ್ಕೆ 90 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ತೊಗರಿಬೇಳೆಯ ಹುಳಿ, 25 ಗ್ರಾಂ ಹುರುಳಿಯ ಪಲ್ಯ. ಇದು 19 ಗ್ರಾಂ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆಯಿರುವ ಗಂಧಕದ ಅಮೈನೋ ಆಮ್ಲಗಳನ್ನು ಅಕ್ಕಿ ಕೊಡುತ್ತದೆ. ಹಾಗಾಗಿ ಇಲ್ಲಿ ಮಜ್ಜಿಗೆ ಇಲ್ಲದ್ದರಿಂದ ಪ್ರೋಟೀನಿನ ಗುಣಮಟ್ಟ ಕೆಡುವುದಿಲ್ಲ. ಊಟದ ಕೊನೆಗೆ ಮಜ್ಜಿಗೆ ಅನ್ನ ಬೇಕೇ ಬೇಕು ಎನ್ನುವವರು ಹೊತ್ತನ್ನು ಅದಲುಬದಲು ಮಾಡಿ ಮಧ್ಯಾಹ್ನವನ್ನು ಮೊಸರಿಗೆ, ಸಂಜೆಯನ್ನು ಬೇಳೆಗೆ ಕೊಡಬಹುದು.

ಸಂಜೆ ಐದೂವರೆಗೆ 60 ಗ್ರಾಂ ಗೋಧಿಹಿಟ್ಟಿನ ಚಪಾತಿ, 50 ಗ್ರಾಂ ಪನೀರ್ ಹಾಕಿದ ಹೀರೆಕಾಯಿ ಪಲ್ಯ, ಕೊನೆಗೆ 200 ಮಿಲಿ ಹಾಲು. ಇದು 22 ಗ್ರಾಂ. ಮೂರೂ ಸೇರಿ 56. ಮರುದಿನದ ತಿಂಡಿಯವರೆಗೆ ಹದಿನಾಲ್ಕು ಗಂಟೆ ಏನೂ ಇರುವುದಿಲ್ಲವಾದ್ದರಿಂದ ಸಂಜೆಯ ಊಟ ಮೂರರಲ್ಲಿ ಹಗುರವಾದದ್ದು ಆಗಬಾರದು. ಪನೀರನ್ನು ಮನೆಯಲ್ಲೇ ಮಾಡಬಹುದು. ಕುದಿಯುವ ಒಂದು ಲೀಟರ್ ಹಸುವಿನ ಹಾಲಿಗೆ ಎರಡು ದೊಡ್ಡ ಚಮಚ ನಿಂಬೆರಸ ಹಾಕಿ ಒಡೆಸಿ ಬಟ್ಟೆಯಲ್ಲಿ ಹಿಂಡಿದರೆ 150 ಗ್ರಾಂ ಆಸುಪಾಸು ಸಿಗುತ್ತದೆ, ಮೂರು ಪಾಲಾಗುತ್ತದೆ. ಒಡೆದ ನೀರಿನಲ್ಲಿ ಚಪಾತಿ ಹಿಟ್ಟು ಕಲಸಿ. ಹುಳಿಗೆ ಮಾತ್ರ ಅದನ್ನು ಹಾಕಬೇಡಿ, ದ್ವಿದಳವಾಗುತ್ತದೆ.

ಹೀಗೆ ಗೊತ್ತಿಲ್ಲದೆ ನುಸುಳುವ ಕಾಳುಗಳೇ ಈ ಯೋಜನೆಯನ್ನು ಕೆಡಿಸುವುದು. ಮೊಸರನ್ನದ ಒಗ್ಗರಣೆಯಲ್ಲಿ ಉದ್ದಿನಬೇಳೆ, ಕಡಲೆಬೇಳೆ ಇರುತ್ತವೆ. ಮಜ್ಜಿಗೆಹುಳಿಗೆ ಕಡಲೆಬೇಳೆ ನೆನೆಸಿ ರುಬ್ಬುವುದು ರೂಢಿ. ಚಟ್ನಿಗೆ ಹುರಿಗಡಲೆ, ಪಲ್ಯಕ್ಕೆ ಚಟ್ನಿಪುಡಿ ಬೀಳುತ್ತದೆ. ಹಾಲಿನ ಹೊತ್ತಿನ ಒಗ್ಗರಣೆ ಸಾಸಿವೆ, ಜೀರಿಗೆ, ಒಣಮೆಣಸಿನಕಾಯಿ, ಕರಿಬೇವಿಗೆ ಮುಗಿಯಬೇಕು, ಮಜ್ಜಿಗೆಹುಳಿಗೆ ಕಡಲೆಬೇಳೆಯ ಬದಲು ನೆನೆಸಿದ ಅಕ್ಕಿ ರುಬ್ಬಬೇಕು. ಸಾಮಾನ್ಯವಾಗಿ ಆಗುವುದೇನೆಂದರೆ, ತಿಂಡಿಯಲ್ಲಿ ಕಡಲೆಬೇಳೆ ಕಂಡ ಹಿರಿಯರು ಪಕ್ಕದಲ್ಲಿದ್ದ ಮೊಸರನ್ನು ಮುಟ್ಟದೆ ಎದ್ದುಬಿಡುತ್ತಾರೆ. ಬೇಳೆ ಹತ್ತು ಕಾಳು, ಹೋದದ್ದು ಒಂದು ಬಟ್ಟಲು ಮೊಸರು.

ಅಷ್ಟಮಿ, ಚತುರ್ದಶಿಯಂದು ಹಸಿರು ಬಿಟ್ಟರೆ, ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟರೆ ಪ್ರೋಟೀನಿನ ಲೆಕ್ಕ ಬದಲಾಗುವುದಿಲ್ಲ, ಒಣಕಾಳು ಇದ್ದೇ ಇರುತ್ತದೆ. ಬದಲಾಗುವುದು ಅವರೆಕಾಯಿ ಕಾಲದಲ್ಲಿ. ಹುಳು ನೋಡಿ ಸುಲಿದು ಬಳಸುವ ಮನೆಗಳು, ಹಿದುಕಿದ ಅವರೆ ಒಂದು ಬಟ್ಟಲು ಒಣ ಅವರೆಬೇಳೆಯ ಒಂದು ಬಟ್ಟಲಿಗೆ ಸಮ ಎಂದು ಎಣಿಸಬಾರದು. ಹಸಿಕಾಳಿನಲ್ಲಿ ನೀರೇ ಹೆಚ್ಚು, ಆ ದಿನ ಹುಳಿಯ ಬೇಳೆ ನಿಲ್ಲಿಸಬೇಡಿ.

ದಿನವೂ ತೂಗಿ ಅಡುಗೆ ಮಾಡುವುದು ಯಾರಿಗೂ ಆಗದ ಮಾತು. ಅದಕ್ಕೆ ಡಬ್ಬಿಯನ್ನು ನೋಡಿ. ಮೇಲಿನ ಪಟ್ಟಿಯಲ್ಲಿ ಒಬ್ಬರಿಗೆ ದಿನಕ್ಕೆ 95 ಗ್ರಾಂ ಬೇಳೆಕಾಳು ಆಗುತ್ತದೆ. ನಾಲ್ವರ ಮನೆಯಲ್ಲಿ ಎಲ್ಲರೂ ಹೀಗೇ ಉಂಡರೆ, ಎಲ್ಲ ಕಾಳು ಸೇರಿ ಒಂದು ಕಿಲೋ ಮೂರು ದಿನದೊಳಗೆ ಮುಗಿಯಬೇಕು. ಡಬ್ಬಿ ತುಂಬಿದ ತಾರೀಖನ್ನು ಮುಚ್ಚಳದ ಮೇಲೆ ಬರೆದಿಡಿ. ಒಂದು ಕಿಲೋ ಎಂಟು ದಿನ ಬಂದರೆ ತಲೆಗೆ 30 ಗ್ರಾಂ ಮಾತ್ರ ಹೋಗುತ್ತಿದೆ. ಅಲ್ಲಿಂದ 95ಕ್ಕೆ ಒಂದೇ ಸಲ ಏರಿಸಿದರೆ ಹೊಟ್ಟೆಯುಬ್ಬರ ಬಂದು ಹಿರಿಯರು ಬೇಳೆಯನ್ನೇ ಬಿಡುತ್ತಾರೆ. ಮೊದಲ ವಾರ ಹುಳಿ ಗಟ್ಟಿ ಮಾಡಿ, ಎರಡನೆಯ ವಾರ ಹೆಸರುಬೇಳೆ ದೋಸೆ ಸೇರಿಸಿ, ಹುರುಳಿ ಕೊನೆಗೆ ಬರಲಿ.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಪ್ರಮಾಣ ಅನ್ವಯಿಸುವುದಿಲ್ಲ, ಅವರ ಮಿತಿಯನ್ನು ವೈದ್ಯರೇ ಹೇಳಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಐದೂವರೆಗೆ ಊಟ ಮುಗಿಸಿ ಬೆಳಗಿನವರೆಗೆ ಏನೂ ಮುಟ್ಟುವುದಿಲ್ಲ ಎನ್ನುವುದನ್ನು ವೈದ್ಯರಿಗೆ ಬಾಯಿಬಿಟ್ಟು ಹೇಳಿ ಔಷಧದ ಹೊತ್ತು, ಪ್ರಮಾಣ ಗೊತ್ತುಮಾಡಿಕೊಳ್ಳಬೇಕು. ಏಕಾಶನದ ದಿನ, ಒಂದೇ ಊಟದಲ್ಲಿ 55 ಗ್ರಾಂ ತುರುಕಲು ಹೋಗಬೇಡಿ. ಆ ತಟ್ಟೆಯಲ್ಲಿ ಬೇಳೆಯ ಪಾಲು ಒಂದೂವರೆಯಷ್ಟಾದರೆ ಸಾಕು, ಪಾರಣೆಯ ಬೆಳಿಗ್ಗೆ ಹೆಸರುಬೇಳೆಯ ಪೊಂಗಲ್ಲಿನಿಂದ ಮತ್ತೆ ಪಟ್ಟಿಗೆ ಮರಳಬಹುದು.