ಮಾರುಕಟ್ಟೆ ಕುಣಿದಾಗ ಪಾಲು ಕುಗ್ಗಿಸುವ ಲೆಕ್ಕ

2020ರ ಮಾರ್ಚ್ 16, ಸೋಮವಾರ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕ ಒಂದೇ ದಿನದಲ್ಲಿ ಶೇ 11.98 ಕುಸಿಯಿತು. ಕೋವಿಡ್ ಭಯದಲ್ಲಿ ಜಗತ್ತಿನ ಷೇರುಪೇಟೆಗಳೆಲ್ಲ ನಡುಗುತ್ತಿದ್ದ ದಿನಗಳವು. ಅದೇ ಸೂಚ್ಯಂಕದಲ್ಲೇ ಹಣ ಹಾಕಿದ್ದು, ಒಂದು ಸರಳ ಗಣಿತದ ನಿಯಮವನ್ನು ಪಾಲಿಸುತ್ತಿದ್ದ ಒಂದು ಖಾತೆಯನ್ನು ಕಲ್ಪಿಸಿಕೊಳ್ಳಿ. ಆ ದಿನ ಅದು ಕಳೆದುಕೊಳ್ಳುತ್ತಿದ್ದುದು ಶೇ 1.7 ಮಾತ್ರ.

ಹಾಗಂತ ಆ ನಿಯಮಕ್ಕೆ ಕುಸಿತ ಬರುವುದು ಮೊದಲೇ ಗೊತ್ತಿತ್ತು ಅಂತಲ್ಲ. ಮೂರು ವಾರ ಹಿಂದೆ, ಫೆಬ್ರವರಿ 24ರಂದು ಸೂಚ್ಯಂಕ ಶೇ 3.35 ಬಿದ್ದಾಗ ಇದೇ ಖಾತೆ ಹೆಚ್ಚುಕಡಿಮೆ ಶೇ 3 ಕಳೆದುಕೊಂಡಿತ್ತು. ಚಿಕ್ಕ ಏಟು ಜೋರಾಗಿ ಬಿತ್ತು, ದೊಡ್ಡ ಏಟು ಮೆತ್ತಗೆ ಬಿತ್ತು. ಯಾಕೆ ಹೀಗೆ ಅನ್ನುವುದು ಅರ್ಥವಾದರೆ ನಿಯಮವೇ ಅರ್ಥವಾದಂತೆ.

ಇದನ್ನು ಹಣಕಾಸಿನವರು ವೊಲಟಿಲಿಟಿ ಟಾರ್ಗೆಟಿಂಗ್ ಅನ್ನುತ್ತಾರೆ. ವೊಲಟಿಲಿಟಿ ಅಂದರೆ ಏರಿಳಿತದ ಅಳತೆ. ಸಾಮಾನ್ಯ ಹೂಡಿಕೆದಾರ "ನನ್ನ ಹಣದಲ್ಲಿ ಶೇ 60 ಷೇರಿನಲ್ಲಿರಲಿ" ಎಂದು ಪಾಲನ್ನು ನಿಗದಿ ಮಾಡುತ್ತಾನೆ. ಪಾಲು ಸ್ಥಿರ, ಆದರೆ ಮಾರುಕಟ್ಟೆ ಕುಣಿದಷ್ಟೂ ಖಾತೆಯೂ ಕುಣಿಯುತ್ತದೆ. ಈ ನಿಯಮ ಅದನ್ನು ತಿರುಗಿಸಿ ಇಡುತ್ತದೆ. "ನನ್ನ ಖಾತೆಯ ಏರಿಳಿತ ವರ್ಷಕ್ಕೆ ಶೇ 10ರ ಆಸುಪಾಸಿನಲ್ಲಿರಲಿ, ಅದಕ್ಕೆ ತಕ್ಕಂತೆ ಪಾಲು ಬದಲಾಗಲಿ" ಅನ್ನುತ್ತದೆ. ಮಾರುಕಟ್ಟೆಯ ಏರಿಳಿತ ಶೇ 20 ಇದ್ದರೆ ಪಾಲು ಅರ್ಧ. ಶೇ 40 ಇದ್ದರೆ ಕಾಲು. ಉಳಿದದ್ದು ನಗದಾಗಿ ಇರುತ್ತದೆ. ಹತ್ತನ್ನು ಏರಿಳಿತದಿಂದ ಭಾಗಿಸಿದರೆ ಆಯಿತು, ಅಷ್ಟೇ.

ಕಷ್ಟ ಇರುವುದು ಭಾಗಾಕಾರದಲ್ಲಿ ಅಲ್ಲ. ನಾಳೆಯ ಏರಿಳಿತ ಇವತ್ತು ಹೇಗೆ ಗೊತ್ತಾಗಬೇಕು?

ಇಲ್ಲಿ ಮಾರುಕಟ್ಟೆಯ ಒಂದು ವಿಚಿತ್ರ ಗುಣ ಸಹಾಯಕ್ಕೆ ಬರುತ್ತದೆ. ನಾಳೆ ಬೆಲೆ ಏರುತ್ತದೋ ಇಳಿಯುತ್ತದೋ ಅನ್ನುವುದನ್ನು ಇವತ್ತಿನ ಬೆಲೆ ನೋಡಿ ಹೇಳಲು ಆಗುವುದಿಲ್ಲ. ಆದರೆ ನಾಳೆಯ ಅಲುಗಾಟ ದೊಡ್ಡದೋ ಚಿಕ್ಕದೋ ಅನ್ನುವುದನ್ನು ತಕ್ಕಮಟ್ಟಿಗೆ ಹೇಳಬಹುದು. ಗಣಿತಜ್ಞ ಬೆನ್ವಾ ಮ್ಯಾಂಡೆಲ್‌ಬ್ರಾಟ್ 1963ರಲ್ಲೇ ಇದನ್ನು ಗಮನಿಸಿದ್ದರು. ದೊಡ್ಡ ಬದಲಾವಣೆಯ ಬೆನ್ನಿಗೆ ದೊಡ್ಡ ಬದಲಾವಣೆಗಳೇ ಬರುತ್ತವೆ, ದಿಕ್ಕು ಮಾತ್ರ ಯಾವುದಾದರೂ ಆಗಬಹುದು. ಚಿಕ್ಕದರ ಬೆನ್ನಿಗೆ ಚಿಕ್ಕವು. ಇದಕ್ಕೊಂದು ಗಣಿತದ ರೂಪ ಕೊಟ್ಟ ರಾಬರ್ಟ್ ಎಂಗಲ್‌ ಅವರಿಗೆ 2003ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ನಮ್ಮ ನಿಯಮ ನಿಂತಿರುವುದು ಈ ಒಂದೇ ಕಾಲಿನ ಮೇಲೆ: ದಿಕ್ಕು ತಿಳಿಯದು, ಗಾತ್ರ ತಿಳಿಯುತ್ತದೆ.

ಅಂದಾಜು ಮಾಡುವ ದಾರಿಗಳು ಹಲವು. 1990ರ ದಶಕದಲ್ಲಿ ಜೆ.ಪಿ. ಮಾರ್ಗನ್ ಬ್ಯಾಂಕು ರಿಸ್ಕ್‌ಮೆಟ್ರಿಕ್ಸ್ ಹೆಸರಿನಲ್ಲಿ ಹಂಚಿದ ವಿಧಾನ ನನಗೆ ಇಷ್ಟ. ಕಾಗದದ ಮೇಲೂ ಮಾಡಬಹುದು.

```
var    = 0.94 * var_yesterday + 0.06 * r^2
vol    = 16 * sqrt(var)
weight = 10 / vol
```

ಇಲ್ಲಿ var ಅಂದರೆ ದಿನದ ಏರಿಳಿತದ ವರ್ಗದ ಅಂದಾಜು, vol ಅಂದರೆ ವರ್ಷದ ಏರಿಳಿತ, weight ಅಂದರೆ ಷೇರಿನ ಪಾಲು. r ಅಂದರೆ ಇವತ್ತಿನ ಬದಲಾವಣೆ, ಶೇಕಡಾದಲ್ಲಿ. ಅದರ ವರ್ಗಕ್ಕೆ ಶೇ 6ರ ತೂಕ, ಹಳೆಯ ಅಂದಾಜಿಗೆ ಶೇ 94ರ ತೂಕ. ಹೀಗೆ ಪ್ರತಿ ಸಂಜೆ ಹಳೆಯದು ಸ್ವಲ್ಪ ಮಾಸುತ್ತದೆ, ಹೊಸದು ಸ್ವಲ್ಪ ಸೇರುತ್ತದೆ. 16 ಎಲ್ಲಿಂದ ಬಂತು ಅಂದರೆ, ವರ್ಷಕ್ಕೆ ಸುಮಾರು 252 ವಹಿವಾಟಿನ ದಿನಗಳು, ಅದರ ವರ್ಗಮೂಲ ಹತ್ತಿರ ಹತ್ತಿರ 16. ಏರಿದ ದಿನ, ಇಳಿದ ದಿನ ಒಂದನ್ನೊಂದು ಅಷ್ಟಿಷ್ಟು ಅಳಿಸಿಹಾಕುವುದರಿಂದ ವರ್ಷದ ಏರಿಳಿತ ದಿನದ್ದರ 252 ಪಟ್ಟು ಆಗುವುದಿಲ್ಲ, 16 ಪಟ್ಟು ಆಗುತ್ತದೆ.

ಈಗ ಆ ಫೆಬ್ರವರಿಗೆ ಹೋಗೋಣ. ನಾನು ಒಂದು ಸಂಜೆ ಸ್ಪ್ರೆಡ್‌ಶೀಟ್ ತೆರೆದು ದಿನದಿನದ ಲೆಕ್ಕ ಹಾಕಿ ನೋಡಿದೆ. ವಹಿವಾಟಿನ ಖರ್ಚು ಬಿಟ್ಟಿದ್ದೇನೆ. ಆಯಾ ಸಂಜೆಯ ಬೆಲೆಗೇ ಪಾಲು ಬದಲಾಯಿಸಿದಂತೆ ಲೆಕ್ಕ. ಶುರುವಿನ var 0.5 ಎಂದು ಹಿಡಿದೆ. ಅಂದರೆ ವರ್ಷಕ್ಕೆ ಸುಮಾರು ಶೇ 11ರ ಏರಿಳಿತ, ಖಾತೆಯಲ್ಲಿ ಷೇರಿನ ಪಾಲು ಶೇ 88.

ಫೆಬ್ರವರಿ 24ರಂದು ಸೂಚ್ಯಂಕ ಶೇ 3.35 ಇಳಿಯಿತು. ವರ್ಗ 11.2. ಅದಕ್ಕೆ 0.06 ಗುಣಿಸಿದರೆ 0.67, ಹಳೆಯದರ ಪಾಲು 0.47, ಒಟ್ಟು 1.14. ವರ್ಗಮೂಲ ತೆಗೆದು 16ರಿಂದ ಗುಣಿಸಿದರೆ ಶೇ 17. ಹತ್ತನ್ನು ಹದಿನೇಳರಿಂದ ಭಾಗಿಸಿ. ಒಂದೇ ಸಂಜೆಗೆ ಪಾಲು ಶೇ 88ರಿಂದ 58ಕ್ಕೆ ಇಳಿಯಿತು. ಆದರೆ ಏಟು ಆಗಲೇ ಬಿದ್ದಾಗಿತ್ತು. ಮೊದಲ ಏಟನ್ನು ಈ ನಿಯಮ ಯಾವತ್ತೂ ತಪ್ಪಿಸಲಾರದು, ಅದು ಕಲಿಯುವುದೇ ಆ ಏಟಿನಿಂದ.

ಮಾರನೆಯ ದಿನ ಮತ್ತೆ ಶೇ 3.03 ಇಳಿಕೆ, ಪಾಲು 49ಕ್ಕೆ. 27ರಂದು ಶೇ 4.42 ಇಳಿಕೆ, ಪಾಲು 39ಕ್ಕೆ. ಮಾರ್ಚ್ 2ರಂದು ಸೂಚ್ಯಂಕ ಶೇ 4.6 ಏರಿತು. ಎಲ್ಲರೂ ಉಸಿರುಬಿಟ್ಟ ದಿನ, ಅಲ್ವಾ? ನಿಯಮ ಆ ಸಂಜೆಯೂ ಪಾಲು ಕಡಿತ ಮಾಡಿ 33ಕ್ಕೆ ಇಳಿಸಿತು. ಯಾಕಂದರೆ ವರ್ಗ ಮಾಡಿದಾಗ ಏರಿಕೆಯೂ ಇಳಿಕೆಯೂ ಒಂದೇ. ಒಳ್ಳೆಯ ಸುದ್ದಿಗೂ ಷೇರು ಮಾರುವ ಈ ಗುಣ ಮೊದಲ ಸಲ ನೋಡಿದವರಿಗೆ ಹುಚ್ಚು ಅನಿಸುತ್ತದೆ. ಆದರೆ ಅಷ್ಟು ದೊಡ್ಡ ಏರಿಕೆ ಶಾಂತ ಮಾರುಕಟ್ಟೆಯಲ್ಲಿ ಆಗುವುದಿಲ್ಲ ಅನ್ನುವುದನ್ನು ನೆನೆದರೆ ಸರಿ ಅನಿಸುತ್ತದೆ.

ಹೀಗೇ ಸಾಗಿ ಮಾರ್ಚ್ 13ರ ಸಂಜೆಗೆ ಪಾಲು ಶೇ 14. ಸೋಮವಾರ ಆ ಮಹಾಕುಸಿತ. 11.98ರಲ್ಲಿ ಶೇ 14 ಅಂದರೆ 1.7. ಫೆಬ್ರವರಿ 24ರಿಂದ ತಳ ಮುಟ್ಟಿದ ಮಾರ್ಚ್ 23ರವರೆಗೆ ಸೂಚ್ಯಂಕ ಶೇ 33 ಕಳೆದುಕೊಂಡರೆ ಖಾತೆ ಕಳೆದುಕೊಂಡದ್ದು ಸುಮಾರು ಶೇ 11.

ಇಲ್ಲಿಗೆ ನಿಲ್ಲಿಸಿದರೆ ಮಾರಾಟಗಾರನ ಮಾತಾಗುತ್ತದೆ. ನಿಯಮ ಕೊಟ್ಟ ಮಾತು ನಷ್ಟ ಕಡಿಮೆ ಮಾಡುತ್ತೇನೆ ಅಂತಲ್ಲ, ಏರಿಳಿತವನ್ನು ಶೇ 10ರಲ್ಲಿ ಇಡುತ್ತೇನೆ ಅಂತ. ಅದನ್ನೇ ಅಳೆಯಬೇಕು. ಆ 21 ದಿನಗಳಲ್ಲಿ ಖಾತೆ ನಿಜವಾಗಿ ಎಷ್ಟು ಅಲುಗಾಡಿತು ಎಂದು ಲೆಕ್ಕ ಹಾಕಿದೆ. ವರ್ಷದ ಲೆಕ್ಕದಲ್ಲಿ ಶೇ 22 ಬಂತು. ಗುರಿಯ ಎರಡು ಪಟ್ಟಿಗಿಂತ ಜಾಸ್ತಿ! ಸೂಚ್ಯಂಕದ್ದು ಶೇ 87 ಇತ್ತು, ಹಾಗಾಗಿ ನಾಲ್ಕರಲ್ಲಿ ಮೂರು ಪಾಲು ಅಲುಗಾಟ ತಗ್ಗಿತು ಅನ್ನುವುದು ನಿಜ. ಆದರೆ ಸ್ಥಿರ ಅನ್ನುವ ಮಾತು ಸಲ್ಲದು. ಬಿಡಿಸಿ ನೋಡಿದರೆ ಕಾರಣ ಕಾಣುತ್ತದೆ. ಮೊದಲ ಹನ್ನೊಂದು ದಿನ ಶೇ 26, ಕೊನೆಯ ಐದು ದಿನ ಶೇ 8. ಬಿರುಗಾಳಿ ಬಲವಾಗುತ್ತಲೇ ಹೋದಷ್ಟು ದಿನ ಅಂದಾಜು ಒಂದು ಹೆಜ್ಜೆ ಹಿಂದೆಯೇ ಉಳಿಯಿತು. ಬಿರುಗಾಳಿ ಒಂದೇ ಮಟ್ಟದಲ್ಲಿ ನಿಂತ ಮೇಲೆ ನಿಯಮ ಗುರಿಯ ಹತ್ತಿರ ಬಂತು. ನಿಮ್ಮ ಖಾತೆಯಲ್ಲಿ ಇದು ಕೆಲಸ ಮಾಡುತ್ತಿದೆಯೋ ಇಲ್ಲವೋ ತಿಳಿಯಲು ಲಾಭ ನಷ್ಟ ನೋಡಬೇಡಿ. ಹೀಗೆ ಖಾತೆಯ ಏರಿಳಿತವನ್ನೇ ತಿಂಗಳುಗಳ ಮೇಲೆ ಅಳೆದು ಗುರಿಯ ಪಕ್ಕ ಇಟ್ಟು ನೋಡಿ.

ಇನ್ನೊಂದು ಬೆಲೆ ತೆರಬೇಕು, ಅದು ಹಿಂದಿರುಗುವ ದಾರಿಯಲ್ಲಿ. ಮಾರ್ಚ್ 24ರಂದು ಸೂಚ್ಯಂಕ ಶೇ 9.4 ಜಿಗಿಯಿತು. ಖಾತೆಗೆ ಸಿಕ್ಕಿದ್ದು ಶೇ 1.2. ಪಾಲು ಮತ್ತೆ ಮೇಲೇರಲು ಎಷ್ಟು ದಿನ ಬೇಕು? 0.94ರ ತೂಕದಲ್ಲಿ ಹಳೆಯ ಆಘಾತದ ನೆನಪು ಅರ್ಧವಾಗಲು ಸುಮಾರು 11 ವಹಿವಾಟಿನ ದಿನ ಹಿಡಿಯುತ್ತದೆ. ಮಾರ್ಚ್ 24ರಿಂದಲೇ ಮಾರುಕಟ್ಟೆ ಶಾಂತವಾಗಿ ದಿನಕ್ಕೆ ಶೇ 1ರಷ್ಟೇ ಅಲುಗಾಡಿದ್ದರೂ ಪಾಲು ಶೇ 50 ಮುಟ್ಟಲು ಸುಮಾರು 60 ವಹಿವಾಟಿನ ದಿನ ಬೇಕಿತ್ತು. ಅಂದರೆ ಹತ್ತಿರ ಹತ್ತಿರ ಮೂರು ತಿಂಗಳು. ನಿಜದಲ್ಲಿ ಅಷ್ಟು ಶಾಂತವಾಗಲೂ ಇಲ್ಲ. ಅತ್ತ ಜೂನ್ 8ರ ಹೊತ್ತಿಗೆ ಸೂಚ್ಯಂಕ ತಳದಿಂದ ಶೇ 44 ಏರಿಬಿಟ್ಟಿತ್ತು. ಇಳಿಯುವಾಗ ಒಂದು ಸಂಜೆ ಸಾಕು, ಏರುವಾಗ ತಿಂಗಳುಗಳು. ಕುಸಿತ ನಿಧಾನವಾಗಿ ಎಳೆದುಕೊಂಡು ಹೋಗುವ ಕಾಲದಲ್ಲಿ ಈ ಗುಣ ಕಾಪಾಡುತ್ತದೆ. 2020ರಂತೆ ಬಿದ್ದಷ್ಟೇ ಬೇಗ ಎದ್ದರೆ ಹೊಟ್ಟೆ ಉರಿಸುತ್ತದೆ.

ಶಾಂತ ಕಾಲದ ಕಷ್ಟವೇ ಬೇರೆ. 2017ರಲ್ಲಿ ಇದೇ ಸೂಚ್ಯಂಕದ ಏರಿಳಿತ ವರ್ಷಕ್ಕೆ ಸುಮಾರು ಶೇ 7ಕ್ಕೆ ಇಳಿದಿತ್ತು. ಹತ್ತನ್ನು ಏಳರಿಂದ ಭಾಗಿಸಿದರೆ 1.4. ಅಂದರೆ ನೂರು ಇದ್ದವನು ನಲವತ್ತು ಸಾಲ ತಂದು ನೂರ ನಲವತ್ತು ಹೂಡು ಅನ್ನುತ್ತದೆ ಸೂತ್ರ. ಏರಿಳಿತ ಇನ್ನೂ ತಗ್ಗಿದರೆ ಇನ್ನೂ ಸಾಲ. ಮಾರುಕಟ್ಟೆ ಮಲಗಿದಷ್ಟೂ ಧೈರ್ಯ ಹೆಚ್ಚುವ ಈ ಚಾಳಿಗೆ ಕಡಿವಾಣ ಬೇಕೇಬೇಕು. ಹಾಗಾಗಿ ಪಾಲು ಒಂದೂವರೆ ಪಟ್ಟು ಮೀರಬಾರದು ಎಂಬಂಥ ಮಿತಿ ಇಟ್ಟುಕೊಳ್ಳುವುದು ರೂಢಿ. ಸಾಲವೇ ಬೇಡ ಅನ್ನುವವರು 1ಕ್ಕೇ ನಿಲ್ಲಿಸುತ್ತಾರೆ. ಆಗ ಶಾಂತ ಕಾಲದಲ್ಲಿ ಖಾತೆಯ ಏರಿಳಿತ ಗುರಿಗಿಂತ ಕೆಳಗೇ ಇರುತ್ತದೆ, ಅದು ತಪ್ಪೇನಲ್ಲ. 2018ರ ಫೆಬ್ರವರಿ 5ರಂದು ಆ ನಿದ್ದೆ ಒಡೆಯಿತು. ಸೂಚ್ಯಂಕ ಇಳಿದದ್ದು ಶೇ 4.1 ಅಷ್ಟೇ. ಆದರೆ ಸಾಲ ತಂದು ನೂರ ನಲವತ್ತು ಹೂಡಿಕೊಂಡೇ ಇದ್ದವನಿಗೆ ಅದು ಶೇ 5.7ರ ಏಟು. ಮತ್ತೆ ಅದೇ ಮೊದಲ ಏಟು, ಈ ಸಲ ಸಾಲದ ಜೊತೆ. ಇಂಥ ದಿನ ಇದೇ ಬಗೆಯ ನಿಯಮ ಪಾಲಿಸುವವರೆಲ್ಲ ಒಟ್ಟಿಗೆ ಮಾರಲು ಹೊರಡುವುದರಿಂದ ಕೊಳ್ಳುವವರು ಸಿಗದೆ ಬೆಲೆ ಇನ್ನೂ ಜಾರುವ ಭಯವೂ ಇರುತ್ತದೆ.

ಕೊನೆಗೆ ಖರ್ಚಿನ ಮಾತು. ಪಾಲು ಪ್ರತಿ ಸಂಜೆ ಬದಲಾಗುತ್ತದೆ, ಪ್ರತಿ ಬದಲಾವಣೆಗೂ ದಲ್ಲಾಳಿ ಶುಲ್ಕ, ತೆರಿಗೆ ಇರುತ್ತವೆ. ಅನುಭವಸ್ಥರು ಸುಮ್ನೆ ಒಂದು ಗೆರೆ ಹಾಕಿಕೊಳ್ಳುತ್ತಾರೆ: ಲೆಕ್ಕದ ಪಾಲಿಗೂ ಕೈಯಲ್ಲಿರುವ ಪಾಲಿಗೂ ಹತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಮಾತ್ರ ವಹಿವಾಟು. ನನ್ನ ಸ್ಪ್ರೆಡ್‌ಶೀಟಿನಲ್ಲಿ ಮಾರ್ಚ್ 17ರಿಂದ 23ರವರೆಗೆ ಪಾಲು ಶೇ 12.0ರಿಂದ 12.7ರ ನಡುವೆಯೇ ಸುಳಿದಾಡುತ್ತಿತ್ತು. ಸೂಚ್ಯಂಕ ಒಂದು ದಿನ ಶೇ 6 ಏರಿ ಮರುದಿನ ಶೇ 5 ಬೀಳುತ್ತಿದ್ದ ಆ ವಾರ, ನಿಯಮ ಪಾಲಿಸುವವನಿಗೆ ಮಾಡಲು ಕೆಲಸವೇ ಇರಲಿಲ್ಲ.