ಡಾಲರ್‌ಗೆ ಎಷ್ಟು ರೂಪಾಯಿ? ಅದು ಬುಟ್ಟಿ ಯಾರದು ಅನ್ನುವುದರ ಮೇಲೆ

ಸಾಗರ, ತೀರ್ಥಹಳ್ಳಿ ಕಡೆಯ ಮದುವೆ ಮನೆಗಳಲ್ಲಿ ಈ ಲೆಕ್ಕ ಆಗಾಗ ಕಿವಿಗೆ ಬೀಳುತ್ತದೆ. ಹುಡುಗನಿಗೆ ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಡಾಲರ್, ಅಂದ್ರೆ ಎಂಬತ್ತೈದು ಲಕ್ಷಕ್ಕೇನೂ ಮೋಸವಿಲ್ಲ! ಗುಣಾಕಾರ ಸರಿಯಾಗಿಯೇ ಇದೆ. ಆದರೆ ಅವನು ಅಕ್ಕಿ ಕೊಳ್ಳುವುದು, ಕ್ಷೌರ ಮಾಡಿಸಿಕೊಳ್ಳುವುದು ಅಲ್ಲಿ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಅಲ್ಲವಲ್ಲ.

ದೇಶಗಳನ್ನು ಹೋಲಿಸುವಾಗಲೂ ಇದೇ ತೊಡಕು. ಭಾರತ ಜಗತ್ತಿನ ಮೂರನೇ ದೊಡ್ಡ ಆರ್ಥಿಕತೆ ಅಂತ ಒಂದು ದಿನ ಓದುತ್ತೇವೆ. ಆ ಸ್ಥಾನಕ್ಕೆ ಇನ್ನೂ ಬರಬೇಕು ಅಂತ ಮರುದಿನ ಓದುತ್ತೇವೆ. ಎರಡೂ ಸುಳ್ಳಲ್ಲ. ಎರಡನೆಯದು ಬ್ಯಾಂಕಿನ ವಿನಿಮಯ ದರದ ಲೆಕ್ಕ. ಮೊದಲನೆಯದು ಕೊಳ್ಳುವ ಶಕ್ತಿಯ ಸಮಾನತೆಯ ಲೆಕ್ಕ, ಅಂದರೆ ಅದೇ ಸಾಮಾನಿಗೆ ಎರಡೂ ದೇಶಗಳಲ್ಲಿ ಎಷ್ಟೆಷ್ಟು ಬೀಳುತ್ತದೆ ಅಂತ ನೋಡಿ ಹಾಕುವ ದರ. ಪತ್ರಿಕೆಗಳು ಪಿಪಿಪಿ ಅಂತ ಬರೆಯುವುದು ಇದನ್ನೇ.

ಈ ವಿಚಾರ ಹದಿನಾರನೇ ಶತಮಾನದ ಸ್ಪೇನ್‌ನಷ್ಟು ಹಳೆಯದು. ಹೆಸರು ಬಂದಿದ್ದು 1918ರಲ್ಲಿ, ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುಸ್ತಾವ್ ಕ್ಯಾಸೆಲ್ ಅವರಿಂದ. ಮೊದಲ ಮಹಾಯುದ್ಧದಲ್ಲಿ ಚಿನ್ನದ ಮೇಲೆ ನಿಂತಿದ್ದ ವಿನಿಮಯ ದರಗಳು ಕುಸಿದಿದ್ದವು. ಹೊಸ ದರ ಎಲ್ಲಿರಬೇಕು ಅಂತ ತಿಳಿಯಲು ಅವರು ಬೆಲೆಗಳನ್ನು ನೋಡಿ ಅಂದರು. 1968ರಲ್ಲಿ ವಿಶ್ವಸಂಸ್ಥೆ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿ ಅಂತರರಾಷ್ಟ್ರೀಯ ಬೆಲೆ ಹೋಲಿಕೆಯ ಯೋಜನೆ ಶುರುಮಾಡಿದವು. 1970ರ ಮೊದಲ ಸುತ್ತಿನಲ್ಲಿದ್ದ ಹತ್ತು ದೇಶಗಳಲ್ಲಿ ಭಾರತವೂ ಒಂದು.

ಲೆಕ್ಕ ಹೇಗೆ ಅಂತ ಮೂರೇ ಸಾಮಾನಿನ ಒಂದು ಬುಟ್ಟಿ ಇಟ್ಟುಕೊಂಡು ನೋಡೋಣ. ಬೆಲೆಗಳು ಸುಮ್ನೆ ಲೆಕ್ಕಕ್ಕೆ ಇಟ್ಟುಕೊಂಡವು. ಅಕ್ಕಿ ಕಿಲೋಗೆ ಶಿವಮೊಗ್ಗದಲ್ಲಿ 60 ರೂಪಾಯಿ, ಅಮೆರಿಕದ ಊರೊಂದರಲ್ಲಿ 2 ಡಾಲರ್. ಕ್ಷೌರಕ್ಕೆ ಇಲ್ಲಿ 100 ರೂಪಾಯಿ, ಅಲ್ಲಿ 25 ಡಾಲರ್. ಪೆಟ್ರೋಲ್ ಲೀಟರಿಗೆ ಇಲ್ಲಿ 100 ರೂಪಾಯಿ, ಅಲ್ಲಿ 1 ಡಾಲರ್. ಅಕ್ಕಿಯನ್ನೇ ಕೇಳಿದರೆ ಒಂದು ಡಾಲರ್ 30 ರೂಪಾಯಿಗೆ ಸಮ. ಕ್ಷೌರದ ಪ್ರಕಾರ ಬರೀ 4. ಪೆಟ್ರೋಲ್ ಪ್ರಕಾರ 100.

ಈಗ ಶಿವಮೊಗ್ಗದ ಒಂದು ಮನೆಯ ತಿಂಗಳ ಬುಟ್ಟಿ: 20 ಕಿಲೋ ಅಕ್ಕಿ, ಎರಡು ಕ್ಷೌರ, 10 ಲೀಟರ್ ಪೆಟ್ರೋಲ್. ಇಲ್ಲಿ 2,400 ರೂಪಾಯಿ ಆಗುತ್ತದೆ. ಅದೇ ಸಾಮಾನು ಅಲ್ಲಿ ತೆಗೆದುಕೊಂಡರೆ 100 ಡಾಲರ್. ಡಾಲರ್‌ಗೆ 24 ರೂಪಾಯಿ ಆಯಿತು. ಇನ್ನು ಅಮೆರಿಕದ ಮನೆಯ ಬುಟ್ಟಿ: 2 ಕಿಲೋ ಅಕ್ಕಿ, ಎರಡು ಕ್ಷೌರ, ಕಾರಿಗೆ 100 ಲೀಟರ್ ಪೆಟ್ರೋಲ್. ಅಲ್ಲಿ 154 ಡಾಲರ್, ಇಲ್ಲಿ 10,320 ರೂಪಾಯಿ. ಈಗ ಡಾಲರ್‌ಗೆ 67.

ಬೆಲೆ ಒಂದೂ ಬದಲಾಗಿಲ್ಲ. ಬುಟ್ಟಿ ಬದಲಾಯಿತು ಅಷ್ಟೇ. ಜನ ತಮ್ಮೂರಿನಲ್ಲಿ ಅಗ್ಗ ಇರುವುದನ್ನೇ ಜಾಸ್ತಿ ಕೊಳ್ಳುತ್ತಾರೆ. ಹಾಗಾಗಿ ನಮ್ಮ ಬುಟ್ಟಿಯಿಂದ ನೋಡಿದರೆ ನಮ್ಮೂರು ಅಗ್ಗ, ಅವರ ಬುಟ್ಟಿಯಿಂದ ನೋಡಿದರೆ ಅಷ್ಟೇನೂ ಅಗ್ಗವಲ್ಲ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆಯುವುದು ರೂಢಿ: ಸುಮಾರು 40 ಬರುತ್ತದೆ. ಇದು ರಾಜಿ ಸಂಖ್ಯೆ. ಯಾವ ಮನೆಯೂ ಈ ದರದಲ್ಲಿ ಬದುಕುವುದಿಲ್ಲ. ನಿಜವಾದ ಲೆಕ್ಕದಲ್ಲಿ ನೂರಾರು ಸಾಮಾನು, ನೂರಕ್ಕೂ ಹೆಚ್ಚು ದೇಶ, ಆದರೆ ಜಗಳ ಇದೇ.

ಕ್ಷೌರ ಯಾಕೆ ಅಷ್ಟು ಅಗ್ಗ? 1964ರಲ್ಲಿ ಅರ್ಥಶಾಸ್ತ್ರಜ್ಞರಾದ ಬೇಲಾ ಬಲಾಶಾ ಮತ್ತು ಪೌಲ್ ಸ್ಯಾಮುವೆಲ್ಸನ್ ಬೇರೆ ಬೇರೆಯಾಗಿ ಕೊಟ್ಟ ಉತ್ತರ ಅಡಿಕೆ ತೋಟದಲ್ಲೇ ಕಾಣುತ್ತದೆ. ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಬೋರ್ಡೊ ದ್ರಾವಣ ಹೊಡೆಸುತ್ತೇವೆ. ಅದಕ್ಕೆ ಬೇಕಾದ ಮೈಲುತುತ್ತ ತಾಮ್ರದಿಂದ ಆಗುವಂಥದ್ದು, ತಾಮ್ರದ ದರ ಲೋಕಕ್ಕೆಲ್ಲ ಹೆಚ್ಚು ಕಡಿಮೆ ಒಂದೇ. ಅದನ್ನು ಹಡಗಿನಲ್ಲಿ ಸಾಗಿಸಬಹುದು. ಮರ ಹತ್ತುವ ಕೊನೆಗೌಡನ ಕೆಲಸವನ್ನು ಸಾಗಿಸಲು ಆಗುವುದಿಲ್ಲ, ಆದ್ದರಿಂದ ಅವನ ಕೂಲಿ ಇಲ್ಲಿಯದೇ. ಆದರೆ ಬೆಂಗಳೂರಿನ ಕಾರ್ಖಾನೆಯಲ್ಲೋ ಕಂಪನಿಯಲ್ಲೋ ಜಾಸ್ತಿ ಸಂಬಳ ಸಿಕ್ಕರೆ ಹುಡುಗರು ಅತ್ತ ಹೋಗುತ್ತಾರೆ. ಆಗ ಉಳಿದವರ ಕೂಲಿಯೂ ಏರಲೇಬೇಕು, ಅವರು ದಿನಕ್ಕೆ ಹತ್ತುವ ಮರಗಳ ಸಂಖ್ಯೆ ಒಂದೂ ಹೆಚ್ಚದಿದ್ದರೂ. ದೇಶ ಶ್ರೀಮಂತವಾದಂತೆ ಸೇವೆಗಳು ದುಬಾರಿಯಾಗುವುದು ಹೀಗೆ. ಬಡ ದೇಶದಲ್ಲಿ ಬ್ಯಾಂಕ್ ದರಕ್ಕೂ ಪಿಪಿಪಿಗೂ ದೊಡ್ಡ ಅಂತರ ಇರುವುದೂ ಇದರಿಂದಲೇ.

ಈ ಕಥೆಯಲ್ಲಿ ನಿಂತು ನೋಡಬೇಕಾದ ಘಟ್ಟ 2005ರ ಸುತ್ತು. ಅಲ್ಲಿಯವರೆಗೆ ಚೀನಾ ಈ ಸಮೀಕ್ಷೆಯಲ್ಲಿ ಸೇರಿಯೇ ಇರಲಿಲ್ಲ. ಭಾರತದ ಸಂಖ್ಯೆ 1985ರ ಬೆಲೆಗಳನ್ನು ಎಳೆದು ಎಳೆದು ತಂದದ್ದು. 2007ರ ಡಿಸೆಂಬರ್‌ನಲ್ಲಿ ಫಲಿತಾಂಶ ಬಂದಾಗ ಇಲ್ಲಿಯ ಬೆಲೆಗಳು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಅಂತ ಕಂಡು, ಎರಡೂ ದೇಶಗಳ ಆರ್ಥಿಕತೆ ಹಿಂದಿನ ಅಂದಾಜಿಗಿಂತ ಸುಮಾರು ಶೇ 40ರಷ್ಟು ಚಿಕ್ಕದಾಯಿತು. ಮುಂದಿನ ವರ್ಷ ವಿಶ್ವಬ್ಯಾಂಕ್ ಬಡತನದ ರೇಖೆಯನ್ನು ದಿನಕ್ಕೆ 1.25 ಡಾಲರ್‌ಗೆ ತಿದ್ದಿ ಲೆಕ್ಕ ಹಾಕಿದಾಗ ಜಗತ್ತಿನ ಬಡವರು ಸುಮಾರು 140 ಕೋಟಿ ಆದರು. ಹಿಂದಿನ ಅಂದಾಜು ನೂರು ಕೋಟಿಯೊಳಗಿತ್ತು. ಯಾರ ಮನೆಯ ಗಂಜಿಯೂ ರಾತ್ರೋರಾತ್ರಿ ಕಮ್ಮಿಯಾಗಿರಲಿಲ್ಲ.

ಆರು ವರ್ಷ ಬಿಟ್ಟು ನಡೆದ 2011ರ ಸುತ್ತು ಇದನ್ನು ತಿರುಗಿಸಿತು. 2005ರ ಪಟ್ಟಿಯಲ್ಲಿ ಐದನೆಯದಾಗಿದ್ದ ಭಾರತ ಜಪಾನನ್ನು ಹಿಂದಿಕ್ಕಿ ಮೂರನೆಯದಾಯಿತು. ಬ್ಯಾಂಕಿನಲ್ಲಿ ಡಾಲರ್‌ಗೆ ಸುಮಾರು 47 ರೂಪಾಯಿ ಇದ್ದ ಆ ವರ್ಷ, ಪಿಪಿಪಿ ದರ ಬರೀ 15ರ ಆಸುಪಾಸು. ನಿಜವಾದ ಬೆಳವಣಿಗೆಯೂ ಇದರಲ್ಲಿತ್ತು. ಆದರೆ ಪೂರಾ ಅದೇ ಅಲ್ಲ. ಎಡವಟ್ಟು ಎಲ್ಲಿ ಅಂತ ಹುಡುಕಿದವರಲ್ಲಿ ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ ಒಬ್ಬರು. 2005ರಲ್ಲಿ ಏಷ್ಯಾ, ಆಫ್ರಿಕಾ, ಯುರೋಪುಗಳ ಲೆಕ್ಕ ಬೇರೆ ಬೇರೆ ಮಾಡಿ, ಹದಿನೆಂಟು ದೇಶಗಳಲ್ಲಿ ಒಂದೇ ಸಾಮಾನ್ಯ ಪಟ್ಟಿಯ ಬೆಲೆ ನೋಡಿ ಬೆಸೆದಿದ್ದರು. ಆ ಪಟ್ಟಿಯಲ್ಲಿ ಬಡ ದೇಶದ ಸಿರಿವಂತರು ಮಾತ್ರ ಕೊಳ್ಳುವಂಥ ಸಾಮಾನುಗಳೂ ಇದ್ದವು. ಅಂಥವು ಇಲ್ಲಿ ಸಿಕ್ಕುವುದೇ ಅಪರೂಪ, ಸಿಕ್ಕರೂ ದುಬಾರಿ. ಹಾಗಾಗಿ ಇಡೀ ಏಷ್ಯಾ, ಆಫ್ರಿಕಾ ಇರುವುದಕ್ಕಿಂತ ದುಬಾರಿಯಾಗಿ ಕಂಡವು. ಚೀನಾದಲ್ಲಂತೂ ಬೆಲೆ ಸಂಗ್ರಹಿಸಿದ್ದು ಹನ್ನೊಂದು ನಗರಗಳಲ್ಲಿ ಮಾತ್ರ.

ಈಗ ವಿಧಾನ ಸುಧಾರಿಸಿದೆ, ನಿಜ. ಕೆಲವು ಗಂಟು ಬಿಡಿಸಲು ಬರುವಂಥದ್ದೇ ಅಲ್ಲ. ಬೆಲೆ ಹೋಲಿಸಬೇಕಾದರೆ ಎರಡೂ ಕಡೆ ಅದೇ ಸಾಮಾನು ಇರಬೇಕು. ಮಲೆನಾಡಿನ ಮನೆಯಲ್ಲಿ ಉಣ್ಣುವ ಅಪ್ಪೆಮಿಡಿಗೆ, ಕಳಲೆಗೆ ಅಮೆರಿಕದಲ್ಲಿ ಯಾವುದರ ಬೆಲೆ ಹಿಡಿಯುವುದು? ಸರ್ಕಾರಿ ಶಾಲೆಯ ಪಾಠಕ್ಕೆ ಮಾರುಕಟ್ಟೆ ಬೆಲೆಯೇ ಇಲ್ಲ, ಆದ್ದರಿಂದ ಮೇಷ್ಟ್ರ ಸಂಬಳವನ್ನೇ ಆಧಾರ ಮಾಡುತ್ತಾರೆ. ಸಂಬಳ ಕಡಿಮೆ ಅಂದರೆ ಪಾಠ ಅಗ್ಗ ಅಂತ ಲೆಕ್ಕ. ಪಾಠ ಹೇಗಿದೆ ಅನ್ನುವುದು ಅದರಲ್ಲಿ ಸರಿಯಾಗಿ ಹಿಡಿಯುವುದಿಲ್ಲ. ಮೇಲಾಗಿ ಇಡೀ ಭಾರತಕ್ಕೆ ಒಂದೇ ದರ. ಬೆಂಗಳೂರಿನ ಮನೆ ಬಾಡಿಗೆ, ಹೊಸನಗರದ ಮನೆ ಬಾಡಿಗೆ ಎರಡೂ ಅದರೊಳಗೇ ಕರಗಿಹೋಗುತ್ತವೆ.

ಪಿಪಿಪಿ ಡಾಲರಿನಲ್ಲಿ ಸಾಲವನ್ನೂ ತೀರಿಸಲಾಗದು. ಕಚ್ಚಾ ತೈಲ, ತಾಮ್ರ, ವಿದೇಶದ ಕಾಲೇಜಿನ ಫೀಸು ಎಲ್ಲಕ್ಕೂ ಬ್ಯಾಂಕ್ ದರವೇ. ಜನ ಹೇಗೆ ಬದುಕುತ್ತಿದ್ದಾರೆ ಅಂತ ಹೋಲಿಸಲು ಪಿಪಿಪಿ ಸರಿಯಾದ ಸಾಧನ. ಹೊರಗೆ ಕೊಳ್ಳುವ ತಾಕತ್ತು ಎಷ್ಟು ಅನ್ನುವುದಕ್ಕೆ ಅಲ್ಲ. ಆದರೂ ದೇಶ ದೊಡ್ಡದಾಗಿ ಕಾಣಬೇಕಾದಾಗ ಒಂದು ಸಂಖ್ಯೆ, ನೆರವು ಕೇಳುವಾಗ ಇನ್ನೊಂದು ಹೊರಬರುತ್ತದೆ. ಯಾವ ದರದಲ್ಲಿ, ಯಾವ ವರ್ಷದ ಸುತ್ತಿನ ಬೆಲೆಯಲ್ಲಿ ಅಂತ ಸುದ್ದಿಯಲ್ಲಿ ಬರೆದಿರುವುದೇ ಕಡಿಮೆ. 2025ರ ಜೂನ್‌ನಲ್ಲಿ ವಿಶ್ವಬ್ಯಾಂಕ್ ಬಡತನದ ರೇಖೆಯನ್ನು 2.15ರಿಂದ 3 ಡಾಲರ್‌ಗೆ ಏರಿಸಿತು. ಅದು 2021ರ ಸುತ್ತಿನ ಪಿಪಿಪಿ ಡಾಲರ್. 3 ಡಾಲರ್ ಅಂದರೆ ದಿನಕ್ಕೆ ಇನ್ನೂರೈವತ್ತು ರೂಪಾಯಿ ಅಂತ ಬ್ಯಾಂಕ್ ದರದಲ್ಲಿ ಗುಣಿಸಿ ಚರ್ಚೆ ಶುರುಮಾಡಿದರೆ ಮೊದಲ ಹೆಜ್ಜೆಯೇ ತಪ್ಪಿದಂತೆ.